ಮೂರನೆಯ ಪುಟದಲ್ಲಿ ದುರುಗುಟ್ಟಿದ ಸಾವಿತ್ರಮ್ಮ

"ಸರ್, ನನ್ನ ಮೊದಲ ಸಸ್ಪೆನ್ಸ್ ಕಥೆಯನ್ನು ಕಳುಹಿಸುತ್ತಿದ್ದೇನೆ. 'ನೋಡಿದ', 'ನೋಡಿದಳು' ಎಂದು ಮತ್ತೆ ಮತ್ತೆ ಬರೆದರೆ ಓದುಗರಿಗೆ ಬೇಸರವಾಗುತ್ತದೆ ಎಂದು ಕೇಳಿದ್ದೆ. ಅದಕ್ಕಾಗಿ ನೋಡುವುದಕ್ಕೆ ಇರುವ ಪರ್ಯಾಯ ಪದಗಳ ಪಟ್ಟಿ ಮಾಡಿಕೊಂಡು, ಆದಷ್ಟು ಒಂದೇ ಪದ ಎರಡು ಸಲ ಬಾರದಂತೆ ಎಚ್ಚರ ವಹಿಸಿದ್ದೇನೆ. ಭಾಷೆ ಹೇಗಿದೆ, ಕಥೆ ಪ್ರಕಟಣೆಗೆ ಅರ್ಹವೇ ಎಂದು ದಯವಿಟ್ಟು ತಿಳಿಸಿ."

ಪ್ರಿಯ ಲೇಖಕರೇ,

ಕಥೆಯ ಹಂದರ ಚೆನ್ನಾಗಿದೆ. ಅಡಿಕೆ ತೋಟದ ನಡುವಿನ ಒಂಟಿ ಮನೆ, ಬಾವಿಯಲ್ಲಿ ಹೆಣವಾಗಿ ಸಿಕ್ಕ ಗಣಪಯ್ಯ, ಸಾವಿನ ಸುದ್ದಿ ಕೇಳಿ ಬಂದ ಸೋದರಳಿಯ ಸುಧಾಕರ, ಮನೆಯ ಸೊಸೆ ಸಾವಿತ್ರಮ್ಮ, ಇವರೆಲ್ಲ ನಂಬುವಂತಿದ್ದಾರೆ. ಕೊನೆಯವರೆಗೂ ಕೊಲೆಗಾರರು ಯಾರೆಂದು ಊಹಿಸಲಾಗದಂತೆ ಘಟನೆಗಳನ್ನು ಜೋಡಿಸಿದ್ದೀರಿ. ಆದರೆ ಘಟನೆಗಳು ಮುಚ್ಚಿಟ್ಟದ್ದನ್ನು ನಿಮ್ಮ ಕ್ರಿಯಾಪದಗಳು ಮೂರನೆಯ ಪುಟದಲ್ಲಿಯೇ ಬಿಟ್ಟುಕೊಟ್ಟಿವೆ. ಆ ಪುಟವನ್ನು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂದಿತು, ಆದ್ದರಿಂದ ಈ ಪತ್ರದಲ್ಲಿ ಅದರ ಬಗ್ಗೆಯೇ ಬರೆಯುತ್ತೇನೆ. ವಿದ್ಯುತ್ ಹೋದ ರಾತ್ರಿ ಸುಧಾಕರ ಮಾವನ ಕೋಣೆಯನ್ನು ಹುಡುಕಲು ಬರುವ ಸನ್ನಿವೇಶವನ್ನು ನೀವು ಬರೆದಿರುವುದು ಹೀಗೆ:

"ಸುಧಾಕರ ಬಾಗಿಲನ್ನು ದಿಟ್ಟಿಸಿ ಒಳಗೆ ಬಂದ. ಲಾಟೀನಿನ ಬಳಿ ಕುಳಿತಿದ್ದ ಸಾವಿತ್ರಮ್ಮ ಅವನನ್ನು ದುರುಗುಟ್ಟಿ ನೋಡಿದಳು. ಅವನು ಗೋಡೆಯ ಗಡಿಯಾರದತ್ತ ಇಣುಕಿದ. ಅವನ ಬೆನ್ನ ಹಿಂದೆ, ಕತ್ತಲೆಯ ಮೂಲೆಯಲ್ಲಿ ನಿಂತಿದ್ದ ರಾಘವೇಂದ್ರ ಕಟಾಕ್ಷ ಬೀರಿದ. ಸುಧಾಕರ ಮಂಚದ ಕೆಳಭಾಗವನ್ನು ವೀಕ್ಷಿಸಿದ. ಅಲ್ಲಿ ಒಂದು ಚಪ್ಪಲಿ ಇರುವುದನ್ನು ಕಂಡನು."

ಆರು ವಾಕ್ಯಗಳಲ್ಲಿ ಆರು ನೋಟಗಳಿವೆ, ಒಂದು ಪದವೂ ಮರುಕಳಿಸಿಲ್ಲ. ನಿಮ್ಮ ಉದ್ದೇಶ ಈಡೇರಿದೆ, ಸನ್ನಿವೇಶ ಕೆಟ್ಟಿದೆ. ಈ ಪದಗಳನ್ನು ಒಂದರ ಬದಲಿಗೆ ಇನ್ನೊಂದನ್ನು ಇಡಬಹುದು ಎಂದು ನೀವು ಭಾವಿಸಿರುವುದೇ ಇದಕ್ಕೆ ಕಾರಣ. ನೋಡುವುದನ್ನು ಹೇಳುವ ಒಂದೊಂದು ಪದದಲ್ಲಿಯೂ ನೋಟ ಎಷ್ಟು ಹೊತ್ತಿನದು, ನೋಡುವವನು ಮರೆಯಲ್ಲಿದ್ದಾನೆಯೇ ಬಯಲಿನಲ್ಲಿದ್ದಾನೆಯೇ, ಅವನ ಮನಸ್ಸಿನಲ್ಲಿ ಏನಿದೆ ಎಂಬ ಮಾಹಿತಿ ಅಡಗಿರುತ್ತದೆ. ಬೇರೆ ಬಗೆಯ ಕಥೆಯಲ್ಲಿ ಇದು ತಪ್ಪಿದರೆ ಶೈಲಿಯ ದೋಷ ಎಂದು ಬಿಟ್ಟುಬಿಡಬಹುದು. ಸಸ್ಪೆನ್ಸ್ ಕಥೆಯ ಓದುಗ ಸಾಕ್ಷ್ಯ ಹುಡುಕುತ್ತಲೇ ಓದುವವನಾದ್ದರಿಂದ, ಅಲ್ಲಿ ಇದು ಸುಳ್ಳು ಸಾಕ್ಷ್ಯವಾಗುತ್ತದೆ.

ಮೊದಲ ವಾಕ್ಯವನ್ನು ತೆಗೆದುಕೊಳ್ಳಿ. ದಿಟ್ಟಿಸುವುದಕ್ಕೆ ಹೊತ್ತು ಬೇಕು, ಕಣ್ಣು ಒಂದೇ ಕಡೆ ನೆಟ್ಟಿರಬೇಕು. ಹುಡುಕುವ ಆತುರದಲ್ಲಿರುವ ಸುಧಾಕರ ಬಾಗಿಲನ್ನು ಅಷ್ಟು ಹೊತ್ತು ಏಕೆ ದಿಟ್ಟಿಸುತ್ತಾನೆ? ಅಲ್ಲಿ ಏನೋ ಇದೆ ಎಂದು ಓದುಗ ನಿರೀಕ್ಷಿಸುತ್ತಾನೆ. ನೀವು ಏನನ್ನೂ ಕೊಡದೆ ಮುಂದಿನ ವಾಕ್ಯಕ್ಕೆ ಹೋಗುತ್ತೀರಿ. ವಿಚಿತ್ರವೆಂದರೆ ಕೊಡುವುದಕ್ಕೆ ನಿಮ್ಮಲ್ಲಿ ವಸ್ತುವಿದೆ. ಹನ್ನೊಂದನೆಯ ಪುಟದಲ್ಲಿ ಅದೇ ಬಾಗಿಲಿನ ಚಿಲಕದ ಮೇಲೆ ಹೊಸ ಗೀರು ಇರುವುದನ್ನು ಸುಧಾಕರ ಗಮನಿಸುತ್ತಾನೆ, ಅಲ್ಲಿ ನೀವು ಬರೆದಿರುವುದು "ಕಣ್ಣು ಹಾಯಿಸಿದ" ಎಂದು. ಕಣ್ಣು ಹಾಯಿಸುವವನಿಗೆ ಕೂದಲೆಳೆಯ ಗೀರು ಸಿಕ್ಕುವುದಿಲ್ಲ. ದಿಟ್ಟಿಸುವುದನ್ನು ಆ ಪುಟಕ್ಕೆ ಕಳುಹಿಸಿ, ಇಲ್ಲಿ ಅವನು ಬಾಗಿಲು ದೂಡಿ ಬಂದರೆ ಎರಡು ಪುಟಗಳೂ ಸರಿಹೋಗುತ್ತವೆ.

ನನಗೆ ಸಿಟ್ಟು ಬಂದದ್ದು ಎರಡನೆಯ ವಾಕ್ಯಕ್ಕೆ. ದುರುಗುಟ್ಟುವ ನೋಟ ಎದುರಿನವನಿಗೆ ತಲುಪಲೆಂದೇ ಹೊರಡುತ್ತದೆ. ಅದರಲ್ಲಿ ಕೋಪವಿದೆ, ಬೆದರಿಕೆಯಿದೆ, ನೋಡಿಸಿಕೊಂಡವನು ಬೆದರಬೇಕು, ತಿರುಗಿ ನೋಡಬೇಕು, ಇಲ್ಲವೇ "ಏನತ್ತಿಗೆ?" ಎಂದಾದರೂ ಕೇಳಬೇಕು. ನಿಮ್ಮ ಸುಧಾಕರ ಏನೂ ಆಗದವನಂತೆ ಗಡಿಯಾರ ನೋಡುತ್ತಾನೆ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಕೊಲೆ ಮಾಡಿದವಳು ಸಾವಿತ್ರಮ್ಮನೇ. ಮಾವನನ್ನು ಬಾವಿಗೆ ತಳ್ಳಿ, ಊರಿನ ಮುಂದೆ ಅತ್ತು, ಪೊಲೀಸರಿಗೆ ಕಾಫಿ ಮಾಡಿ ಕೊಟ್ಟ ಹೆಂಗಸು, ಹುಡುಕಲು ಬಂದವನನ್ನು ಅವನ ಎದುರಿಗೇ ದುರುಗುಟ್ಟಿ ನೋಡುವಷ್ಟು ದಡ್ಡಿಯೇ? ಓದುಗ ಅಲ್ಲಿಯೇ ಅವಳ ಹೆಸರಿಗೆ ಗುರುತು ಹಾಕಿಕೊಳ್ಳುತ್ತಾನೆ. ಓದುಗರನ್ನು ದಾರಿ ತಪ್ಪಿಸುವುದಕ್ಕಾಗಿ ಹೀಗೆ ಬರೆದಿದ್ದೇನೆ ಎಂದು ನೀವು ಹೇಳುವಂತೆಯೂ ಇಲ್ಲ, ಏಕೆಂದರೆ ಆ ಉಪಾಯ ನಡೆಯುವುದು ದುರುಗುಟ್ಟುವವರು ನಿರಪರಾಧಿಗಳಾಗಿದ್ದಾಗ ಮಾತ್ರ.

ಇಂಥ ಕಡೆ ಬೇಕಾಗಿರುವುದು ನೋಟವಲ್ಲ, ನೋಟದ ಗೈರುಹಾಜರಿ. ಸತ್ತ ಮನುಷ್ಯನ ಕೋಣೆಯ ಬಾಗಿಲು ರಾತ್ರಿ ಹೊತ್ತಿನಲ್ಲಿ ಸದ್ದು ಮಾಡಿದರೆ ಯಾರೇ ಆದರೂ ತಲೆ ಎತ್ತುತ್ತಾರೆ. ಸಾವಿತ್ರಮ್ಮ ಎತ್ತುವುದಿಲ್ಲ, ಲಾಟೀನಿನ ಬತ್ತಿಯನ್ನು ಸರಿಮಾಡುತ್ತಲೇ ಇರುತ್ತಾಳೆ. ಮೊದಲ ಓದಿನಲ್ಲಿ ಇದು ಶೋಕದಂತೆ ಕಾಣುತ್ತದೆ. ಕಥೆ ಮುಗಿದ ಮೇಲೆ ಹಿಂದಿರುಗಿ ಬಂದ ಓದುಗನಿಗೆ, ಅವನು ಬರುವುದು ಅವಳಿಗೆ ಮೊದಲೇ ಗೊತ್ತಿತ್ತು ಎಂಬುದು ಹೊಳೆಯುತ್ತದೆ.

ಮೂರನೆಯದು, ಇಣುಕುವುದು. ಇಣುಕುವುದಕ್ಕೆ ಒಂದು ಅಂಚು ಬೇಕು: ಬಾಗಿಲ ಸಂದು, ಕಿಟಕಿಯ ಸರಳು, ಗೋಡೆಯ ಮೂಲೆ, ಕೊನೆಗೆ ಮಡಿಸಿ ಹಿಡಿದ ಪತ್ರಿಕೆಯಾದರೂ ಸರಿ. ಮೈಯನ್ನು ಮರೆಯಲ್ಲಿಟ್ಟು ಮುಖವನ್ನಷ್ಟೇ ಹೊರಗೆ ಚಾಚುವವನು ಇಣುಕುತ್ತಾನೆ. ಉತ್ತರ ಕರ್ನಾಟಕದವರು ಹಣಿಕಿ ನೋಡುವುದು ಎನ್ನುವಾಗಲೂ ಆ ಅಂಚು ಇದ್ದೇ ಇರುತ್ತದೆ. ಚಂದ್ರ ಇಣುಕಿದ ಎಂದು ಬರೆಯುವ ಕವಿ ಕೂಡ ಮೊದಲು ಮೋಡವನ್ನು ತಂದಿಡುತ್ತಾನೆ. ಕೋಣೆಯ ನಡುವೆ ನಿಂತವನು ಎದುರಿನ ಗಡಿಯಾರದತ್ತ ಇಣುಕಲಾರ. ಅವನು ಮಾಡುವುದು ಗಡಿಯಾರ ನೋಡಿಕೊಳ್ಳುವುದು.

ಈ "ನೋಡಿಕೊಂಡ" ಎಂಬುದರ ಹತ್ತಿರ ತುಸು ನಿಲ್ಲಬೇಕು. ನಿಮ್ಮ ಪಟ್ಟಿಯನ್ನು ಪದಕೋಶದಿಂದ ಎತ್ತಿಕೊಂಡಿರಬೇಕೆಂದು ತೋರುತ್ತದೆ, ಏಕೆಂದರೆ ಕನ್ನಡ ನೋಟವನ್ನು ಎಲ್ಲಿ ಹೊರಳಿಸುತ್ತದೆಯೋ ಆ ಜಾಗ ಅದರಲ್ಲಿ ಇಲ್ಲ. ನಮ್ಮಲ್ಲಿ ಧಾತುವನ್ನು ಹಾಗೆಯೇ ಇಟ್ಟು ಬಾಲವನ್ನು ಬದಲಿಸಿದರೆ ಸಾಕು, ನೋಟದ ಸ್ವಭಾವವೇ ಬದಲಾಗುತ್ತದೆ. ಗಡಿಯಾರ ನೋಡಿದ ಎಂದರೆ ಗಂಟೆ ಎಷ್ಟೆಂದು ತಿಳಿದ, ಅಷ್ಟೆ. ನೋಡಿಕೊಂಡ ಎಂದರೆ ಆ ಗಂಟೆಯನ್ನು ಮುಂದೆ ಯಾವುದಕ್ಕೋ ಬಳಸಲು ಮನಸ್ಸಿನಲ್ಲಿ ಇಟ್ಟುಕೊಂಡ. ನೋಡುತ್ತಲೇ ಇದ್ದ ಎಂದರೆ ಎದುರಿನವರಿಗೆ ಮುಜುಗರವಾಗುವಷ್ಟು ಹೊತ್ತಾಯಿತು. ನೋಡಿಬಿಟ್ಟ ಎಂದರೆ ನೋಡಬಾರದ್ದನ್ನು ನೋಡಿದ, ಇನ್ನು ಅದನ್ನು ನೋಡದವನಾಗಲು ಸಾಧ್ಯವಿಲ್ಲ. ಹದಿನೇಳನೆಯ ಪುಟದಲ್ಲಿ ಕೊಟ್ಟಿಗೆಯ ಹುಡುಗ ಆ ರಾತ್ರಿ ಬಾವಿಕಟ್ಟೆಯ ಬಳಿ ನಡೆದದ್ದನ್ನು "ಕಿಟಕಿಯಿಂದ ಅವಲೋಕಿಸಿದ" ಎಂದು ಬರೆದಿದ್ದೀರಿ. ಅವಲೋಕಿಸುವವರು ವಿಮರ್ಶಕರು. ಹತ್ತು ವರ್ಷದ ಹುಡುಗ ನೋಡಿಬಿಟ್ಟ. ಆ ಒಂದು ಪದದಿಂದ ಅವನ ಪ್ರಾಣಕ್ಕೆ ಅಪಾಯವಿದೆ ಎಂಬುದು ಓದುಗನಿಗೆ ತಿಳಿಯುತ್ತದೆ, ಮುಂದಿನ ವಾಕ್ಯದಲ್ಲಿ ನೀವು ಅದನ್ನು ವಿವರಿಸಬೇಕಾಗಿಲ್ಲ.

ಕಟಾಕ್ಷದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೂಲದಲ್ಲಿ ಅದು ಕಡೆಗಣ್ಣಿನ ನೋಟವೇ ಇರಬಹುದು, ಆದರೆ ಕನ್ನಡದಲ್ಲಿ ಕಟಾಕ್ಷ ಬೀರುವವರು ದೇವರು, ಗುರುಗಳು, ಇಲ್ಲವೇ ಶೃಂಗಾರಕಾವ್ಯದ ನಾಯಕಿ. ತೋಟದ ಲೆಕ್ಕ ಬರೆಯುವ ರಾಘವೇಂದ್ರ ಯಜಮಾನರ ಅಳಿಯನ ಮೇಲೆ ಕಟಾಕ್ಷ ಬೀರಿದರೆ ಓದುಗ ನಗುತ್ತಾನೆ. ಪದವನ್ನು ಬದಲಿಸಿ ಓರೆಗಣ್ಣಿನಿಂದ ನೋಡಿದ ಎಂದರೂ ಆ ವಾಕ್ಯ ನಿಲ್ಲುವುದಿಲ್ಲ. ರಾಘವೇಂದ್ರ ನಿಂತಿರುವುದು ಸುಧಾಕರನ ಬೆನ್ನ ಹಿಂದೆ, ಅದೂ ಕತ್ತಲೆಯಲ್ಲಿ. ಇಡೀ ಕಥೆಯನ್ನು ನೀವು ಸುಧಾಕರನ ಕಣ್ಣಿನಿಂದ ಹೇಳುತ್ತಿರುವಾಗ ಈ ನೋಟವನ್ನು ಕಂಡವರು ಯಾರು?

ನಾನು ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ ಕಾಲದಲ್ಲಿ ಪತ್ತೇದಾರಿ ಧಾರಾವಾಹಿಗಳು ಕಂತು ಕಂತಾಗಿ ಬರುತ್ತಿದ್ದವು, ಕಂತು ತಲುಪಿದ ದಿನವೇ ಅಚ್ಚಿಗೆ ಹೋಗಬೇಕಾಗಿತ್ತು. ನಮ್ಮ ಹಿರಿಯ ಸಂಪಾದಕರು ಅಷ್ಟು ಅವಸರದಲ್ಲಿಯೂ ಹಸ್ತಪ್ರತಿಯಲ್ಲಿ ಯಾರಾದರೂ ಯಾರನ್ನಾದರೂ ನೋಡಿದ ಕಡೆಯೆಲ್ಲ ಕೆಂಪು ಪೆನ್ಸಿಲಿನಿಂದ ಅಂಚಿನಲ್ಲಿ "ಎಲ್ಲಿ ನಿಂತು?" ಎಂದು ಬರೆಯುತ್ತಿದ್ದರು. ಉತ್ತರ ಹಸ್ತಪ್ರತಿಯಲ್ಲಿಯೇ ಸಿಕ್ಕದಿದ್ದರೆ ನಮ್ಮನ್ನು ಕರೆದು, ಒಬ್ಬನನ್ನು ಕಪಾಟಿನ ಹಿಂದೆ ನಿಲ್ಲಿಸಿ, ಇನ್ನೊಬ್ಬನನ್ನು ಬಾಗಿಲಿನಿಂದ ಒಳಗೆ ಬರಹೇಳಿ, ದೀಪ ಆರಿಸಿ, ಈಗ ಅವನ ಮುಖ ಕಾಣುತ್ತಿದೆಯೇ ಎಂದು ಗಂಭೀರವಾಗಿ ಕೇಳುತ್ತಿದ್ದರು. ಅಚ್ಚುಮೊಳೆ ಜೋಡಿಸುವವರು ಕೆಲಸ ಬಿಟ್ಟು ನಮ್ಮ ನಾಟಕ ನೋಡಲು ಬರುತ್ತಿದ್ದರು. ಮುಖ ಕಾಣದಿದ್ದರೆ ಆ ನೋಟಕ್ಕೆ ಅಡ್ಡಗೆರೆ ಬಿತ್ತೆಂದೇ ಅರ್ಥ, ಲೇಖಕರು ಎಷ್ಟೇ ಹೆಸರುವಾಸಿಗಳಾಗಿರಲಿ. ಅದರ ಜಾಗದಲ್ಲಿ ಅವರು ಸಾಮಾನ್ಯವಾಗಿ ಒಂದು ಸದ್ದನ್ನು ಇಡುತ್ತಿದ್ದರು, ಕತ್ತಲೆಯಲ್ಲಿ ಕಣ್ಣು ಕೆಲಸ ಮಾಡದಿದ್ದರೂ ಕಿವಿ ಮಾಡುತ್ತದೆ ಎಂದು. ನಿಮ್ಮ ರಾಘವೇಂದ್ರ ಒಮ್ಮೆ ಕೆಮ್ಮಿದರೆ ಸಾಕು.

ಐದನೆಯ ವಾಕ್ಯದ ವೀಕ್ಷಣೆ ಕ್ರಿಕೆಟ್ ಪಂದ್ಯಕ್ಕೂ ಪ್ರವಾಹಪೀಡಿತ ಪ್ರದೇಶಕ್ಕೂ ಸಲ್ಲುತ್ತದೆ. ಮಂಚದ ಕೆಳಗೆ ಬಗ್ಗಿ ನೋಡುತ್ತಾರೆ. ಬಗ್ಗಿ, ತಿರುಗಿ, ಕತ್ತು ಚಾಚಿ, ನಿಂತಲ್ಲಿಂದಲೇ, ಹೀಗೆ ಮೈ ಏನು ಮಾಡಿತು ಎಂಬುದನ್ನು ಮುಂದಿಟ್ಟರೆ "ನೋಡಿದ" ಎಂಬುದು ಎಷ್ಟು ಸಲ ಬಂದರೂ ಓದುಗನ ಕಣ್ಣಿಗೆ ತಾಗುವುದೇ ಇಲ್ಲ. "ಹೇಳಿದ" ಎಂಬುದೂ ಹಾಗೆಯೇ. ಬೇಸರ ತರುವುದು ಅವುಗಳ ಪುನರುಕ್ತಿಯಲ್ಲ, ಅವುಗಳನ್ನು ತಪ್ಪಿಸಲು ಲೇಖಕ ಪಡುವ ಪಾಡು.

ಕೊನೆಯ ವಾಕ್ಯದಲ್ಲಿ ನೋಟವೇ ಬೇಡ. ಅವನು ಬಗ್ಗಿ ನೋಡಿದ್ದಾನೆ, ಓದುಗನೂ ಅವನ ಜೊತೆಗೆ ಬಗ್ಗಿದ್ದಾನೆ. ಈಗ "ಇರುವುದನ್ನು ಕಂಡನು" ಎಂದರೆ ಇಬ್ಬರ ನಡುವೆ ಮತ್ತೆ ಲೇಖಕ ಬಂದು ನಿಂತಂತಾಗುತ್ತದೆ. ಚಪ್ಪಲಿಯನ್ನು ನೇರವಾಗಿ ತೋರಿಸಿ. ಹುಡುಕದೆಯೇ ಎದುರಾದ ವಸ್ತುವಾಗಿದ್ದರೆ ಕಣ್ಣಿಗೆ ಬಿತ್ತು ಎನ್ನಬಹುದಾಗಿತ್ತು, ಆದರೆ ಸುಧಾಕರ ಹುಡುಕಲೆಂದೇ ಬಂದವನು.

ಇಷ್ಟನ್ನು ಪಾಲಿಸಿದರೆ ನಿಮ್ಮ ಸನ್ನಿವೇಶ ಹೀಗಾಗುತ್ತದೆ:

"ಸುಧಾಕರ ಬಾಗಿಲು ದೂಡಿ ಒಳಗೆ ಬಂದ. ಸಾವಿತ್ರಮ್ಮ ಲಾಟೀನಿನ ಬತ್ತಿ ಸರಿಮಾಡುತ್ತಿದ್ದಳು; ತಲೆ ಎತ್ತಲಿಲ್ಲ. ಅವನು ಗೋಡೆಯ ಗಡಿಯಾರ ನೋಡಿಕೊಂಡ. ಬೆನ್ನ ಹಿಂದೆ ರಾಘವೇಂದ್ರ ಕೆಮ್ಮಿದ. ಸುಧಾಕರ ಮಂಚದ ಕೆಳಗೆ ಬಗ್ಗಿ ನೋಡಿದ. ಚಪ್ಪಲಿ ಇತ್ತು, ಒಂದೇ."

ಆರು ನೋಟಗಳಲ್ಲಿ ಉಳಿದದ್ದು ಎರಡು, ಎರಡೂ "ನೋಡು" ಧಾತುವಿನವೇ. ಇದನ್ನೇ ಬಳಸಿ ಎಂದು ನಾನು ಹೇಳುವುದಿಲ್ಲ, ನಿಮ್ಮದೇ ವಾಕ್ಯಗಳಲ್ಲಿ ಬರೆಯಿರಿ. ಉಳಿದ ಪುಟಗಳಲ್ಲಿ ಇಂಥ ಕಡೆಗಳಿಗೆಲ್ಲ ಪೆನ್ಸಿಲಿನ ಗುರುತು ಹಾಕಿ ಹಸ್ತಪ್ರತಿಯನ್ನು ಹಿಂದಿರುಗಿಸುತ್ತಿದ್ದೇನೆ. ಹತ್ತೊಂಬತ್ತನೆಯ ಪುಟದಲ್ಲಿ ಸುಧಾಕರ ಮತ್ತು ಸಾವಿತ್ರಮ್ಮ ಮೊದಲ ಸಲ ಮುಖಾಮುಖಿಯಾಗುವ ಕಡೆ "ದಿಟ್ಟಿಸಿದಳು" ಎಂದು ಬರೆದಿದ್ದೀರಿ, ಅದನ್ನು ಮುಟ್ಟಬೇಡಿ. ಅಲ್ಲಿ ಅವಳಿಗೆ ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲ. ತಿದ್ದಿದ ಪ್ರತಿ ಬಂದ ಮೇಲೆ ಪ್ರಕಟಣೆಯ ವಿಷಯವನ್ನು ತಿಳಿಸುತ್ತೇನೆ.

ಇಂತು,
ಸಂಪಾದಕ