2% ಕ್ಯಾಶ್ ಡಿಸ್ಕೌಂಟ್ ಬಂದರೆ ಐಟಿಸಿ ಕಡಿಮೆ ಮಾಡಬೇಕಾ?

"ಹಾಸನದಲ್ಲಿ ಪೈಪು, ಫಿಟ್ಟಿಂಗ್ಸ್ ಅಂಗಡಿ ಇಟ್ಟಿದ್ದೇನೆ. ಏಳು ದಿನದೊಳಗೆ ದುಡ್ಡು ಹಾಕಿದ್ದಕ್ಕೆ ಬೆಂಗಳೂರಿನ ಡಿಸ್ಟ್ರಿಬ್ಯೂಟರ್ 2% ಸಿಡಿ ಕೊಟ್ಟಿದ್ದಾರೆ. ಇದನ್ನ ಖರೀದಿ ಬೆಲೆಯಿಂದ ಕಳೀಬೇಕಾ? ಐಟಿಸಿನೂ ಅಷ್ಟು ಕಡಿಮೆ ಮಾಡಬೇಕಾ?"

ಮೊದಲು ಅವರು ಕಳಿಸಿರುವ ಕ್ರೆಡಿಟ್ ನೋಟ್ ತೆಗೆದು ನೋಡಿ. ಅದರಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಸಾಲು ಇದೆಯಾ, ಇಲ್ಲವಾ? ಐಟಿಸಿ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ.

ನಿಮ್ಮ ಬಿಲ್ಲು 1,00,000 ರೂಪಾಯಿ, ಅದಕ್ಕೆ 18% ಜಿಎಸ್‌ಟಿ ಸೇರಿ 1,18,000 ಅಂತ ಇಟ್ಟುಕೊಳ್ಳಿ. ಕ್ರೆಡಿಟ್ ನೋಟ್‌ನಲ್ಲಿ ಬರೀ 2,000 ಇದ್ದು ತೆರಿಗೆ ಇಲ್ಲದಿದ್ದರೆ ಅದು ಕಮರ್ಷಿಯಲ್ ಕ್ರೆಡಿಟ್ ನೋಟ್. ಸಪ್ಲೈಯರ್ ಸರ್ಕಾರಕ್ಕೆ ಕಟ್ಟಿದ 18,000ದಲ್ಲಿ ಒಂದು ಪೈಸೆಯೂ ವಾಪಸ್ ತಗೊಂಡಿಲ್ಲ. ಹಾಗಾಗಿ ನೀವೂ ಪೂರ್ತಿ 18,000 ಐಟಿಸಿ ಇಟ್ಟುಕೊಳ್ಳಬಹುದು. ಸಿಬಿಐಸಿ 2025ರ ಸೆಪ್ಟೆಂಬರ್ 12ರ 251ನೇ ಸುತ್ತೋಲೆಯಲ್ಲಿ ಇದನ್ನೇ ಹೇಳಿದೆ. ನೀವು ಕಟ್ಟುವುದು 1,16,000.

ಅದೇ ನೋಟ್‌ನಲ್ಲಿ 2,000 ಜೊತೆಗೆ 180 ಮತ್ತು 180 ತೆರಿಗೆ ಹಾಕಿದ್ದರೆ ಲೆಕ್ಕ ಬೇರೆ. ಸಪ್ಲೈಯರ್ ತನ್ನ ತೆರಿಗೆಯನ್ನು 360 ರೂಪಾಯಿ ಇಳಿಸಿಕೊಂಡಿದ್ದಾರೆ. ಆ ನೋಟ್ ನಿಮ್ಮ GSTR-2Bಯಲ್ಲೂ ಕಾಣುತ್ತದೆ. ನೀವು 360 ಬಿಡಲೇಬೇಕು, ಐಟಿಸಿ 17,640 ಆಗುತ್ತದೆ. ಆದರೆ ಕಟ್ಟುವ ದುಡ್ಡೂ 1,15,640ಕ್ಕೆ ಇಳಿಯಿತಲ್ವಾ. ಹೇಗೆ ನೋಡಿದರೂ ನಿಮ್ಮ ಜೇಬಿಗೆ ಉಳಿದಿದ್ದು ಅದೇ 2,000. ಇಲ್ಲಿ ಎಡವುವುದು ಹೇಗೆ ಅಂದರೆ, ಪೂರ್ತಿ 2,360ನ್ನು ಡಿಸ್ಕೌಂಟ್ ಅಂತ ಬರೆದು 18,000 ಐಟಿಸಿಯನ್ನೂ ಹಾಗೇ ಬಿಡುತ್ತಾರೆ. 360 ರೂಪಾಯಿ ಜಾಸ್ತಿ ತಗೊಂಡ ಹಾಗಾಯಿತು. ನಾಳೆ ನೋಟಿಸ್ ಬರುವುದು ಇಂಥದ್ದಕ್ಕೇ.

ಇನ್ನು ಖರೀದಿ ಬೆಲೆ. ನಮ್ಮಂಥ ಅಂಗಡಿ ಲೆಕ್ಕದಲ್ಲಿ ಕಳೆಯುವುದು ಬೇಡ. ಖರೀದಿ 1,00,000 ಇರಲಿ, 2,000 ಬೇರೆಯಾಗಿ ಡಿಸ್ಕೌಂಟ್ ರಿಸೀವ್ಡ್ ಲೆಡ್ಜರ್‌ಗೆ ಹೋಗಲಿ. ಟ್ಯಾಲಿಯಲ್ಲಾದರೆ `Indirect Incomes` ಗುಂಪಿನಲ್ಲಿ. ಕಾರಣ ಸರಳ. ಪೈಪಿನ ಬೆಲೆ ಬಿಲ್ಲು ಮಾಡಿದ ದಿನವೇ ಗೊತ್ತಾಗಿತ್ತು. ಈ 2,000 ಬಂದಿದ್ದು ಪೈಪು ಅಗ್ಗ ಆಗಿದ್ದಕ್ಕಲ್ಲ, ದುಡ್ಡು ಬೇಗ ಕೊಟ್ಟಿದ್ದಕ್ಕೆ. ಒಂಥರಾ ಬಡ್ಡಿ ಇದ್ದ ಹಾಗೆ. ಬಿಲ್ಲಿನಲ್ಲೇ 2% ಕಳೆದು 98,000ದ ಮೇಲೆ ತೆರಿಗೆ ಹಾಕಿದ್ದರೆ ಮಾತ್ರ ಖರೀದಿಯೂ 98,000 ಆಗುತ್ತಿತ್ತು. (ಇಂಡ್ ಎಎಸ್ ಪಾಲಿಸುವ ದೊಡ್ಡ ಕಂಪನಿಗಳು ದಾಸ್ತಾನಿನ ಬೆಲೆಯಿಂದಲೇ ಕಳೆಯುತ್ತವೆ. ಅದು ನಮಗೆ ಬೇಡದ ತಲೆನೋವು.)

ನಾನು ಹೊಸದರಲ್ಲಿ ಜಾಣತನ ಮಾಡಿ ಖರೀದಿ ಖಾತೆಯಲ್ಲೇ 98,000 ಅಂತ ಹಾಕಿಬಿಟ್ಟಿದ್ದೆ. ತಿಂಗಳ ಕೊನೆಗೆ 2B ಜೊತೆ ತಾಳೆ ನೋಡಿದರೆ ಒಂದು ಬಿಲ್ಲೂ ಹೊಂದುತ್ತಿಲ್ಲ. ಸ್ಟಾಕಿನ ರೇಟೂ ಕೆಟ್ಟಿತ್ತು. ಒಂದೇ ಸೈಜಿನ ಪೈಪಿಗೆ ಬೇಗ ದುಡ್ಡು ಹಾಕಿದ ತಿಂಗಳು ಒಂದು ಬೆಲೆ, ಹಾಕದ ತಿಂಗಳು ಇನ್ನೊಂದು.

ಇನ್ನೊಂದು ಮಾತು. ಸಂತೆಪೇಟೆ ಕಡೆಯ ಒಬ್ಬರು ಅಂಗಡಿಯವರ ಲೆಕ್ಕ ನಾನೇ ಬರೆಯುತ್ತೇನೆ. ಸಪ್ಲೈಯರ್ ಕಡೆಯ ಹುಡುಗ ಫೋನಿನಲ್ಲಿ "ಎರಡು ಪರ್ಸೆಂಟ್ ಹಿಡ್ಕೊಂಡು ಹಾಕಿ ಅಣ್ಣ" ಅಂದಿದ್ದ. ಇವರು ಪ್ರತಿ ಬಿಲ್ಲಿಗೂ ಹಿಡಿದುಕೊಂಡೇ ಹಾಕಿದರು. ನೋಟ್ ಮಾತ್ರ ಒಂದೂ ಬರಲಿಲ್ಲ. ಮಾರ್ಚ್‌ನಲ್ಲಿ ಲೆಡ್ಜರ್ ತರಿಸಿದರೆ ಅವರ ಪುಸ್ತಕದಲ್ಲಿ ಆ ದುಡ್ಡೆಲ್ಲ ಬಾಕಿ ಅಂತಲೇ ನಿಂತಿತ್ತು. ಆ ಹುಡುಗ ಅಷ್ಟರಲ್ಲಿ ಕೆಲಸ ಬಿಟ್ಟಿದ್ದ. ಬಾಕಿ ಅಂತ ನಿಂತರೆ ಜಗಳ ಬರೀ 2,000ದ್ದಲ್ಲ. ಬಿಲ್ಲಿನ ತಾರೀಖಿನಿಂದ 180 ದಿನದೊಳಗೆ ಕೊಡದೆ ಉಳಿದ ಮೊತ್ತಕ್ಕೆ ತಕ್ಕಷ್ಟು ಐಟಿಸಿಯನ್ನು ಬಡ್ಡಿ ಸಮೇತ ಬಿಡಬೇಕು ಅಂತ ಕಾನೂನಿದೆ. ಅದು ಬಾಕಿಯಲ್ಲ, ಡಿಸ್ಕೌಂಟು ಅಂತ ತೋರಿಸೋಕೆ ಕೈಯಲ್ಲಿ ಕಾಗದ ಬೇಕು.

ಅದಕ್ಕೇ ನೋಟ್ ಕೇಳಿ ಪಡೆಯಿರಿ. ಅದರಲ್ಲಿ ಬಿಲ್ ನಂಬರ್ ಇರಲಿ. 2% ಲೆಕ್ಕ ಹಾಕಿದ್ದು 1,00,000ದ ಮೇಲಾ, 1,18,000ದ ಮೇಲಾ ಅಂತಲೂ ನೋಡಿಕೊಳ್ಳಿ. ಎರಡನೆಯದಾಗಿದ್ದು ತೆರಿಗೆ ಸಾಲು ಇಲ್ಲದಿದ್ದರೆ ನಿಮಗೆ ಪೂರ್ತಿ 2,360 ಲಾಭ, ಐಟಿಸಿಯೂ 18,000 ಹಾಗೇ ಇರುತ್ತದೆ.

ಕೈಯಲ್ಲಿ ದುಡ್ಡಿಲ್ಲದಾಗ ಓಡಿಯಿಂದ ತೆಗೆದು ಹಾಕಬಹುದಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 30 ದಿನದ ಸಾಲವನ್ನು ಏಳನೇ ದಿನಕ್ಕೇ ತೀರಿಸಿದರೆ 23 ದಿನ ಮುಂಚೆ. 1,16,000ಕ್ಕೆ 12% ಬಡ್ಡಿಯಂತೆ ಅಷ್ಟು ದಿನಕ್ಕೆ ಸುಮಾರು 880 ರೂಪಾಯಿ ಆಗುತ್ತದೆ. ಬರುವುದು 2,000. ನಾನಾಗಿದ್ದರೆ ಓಡಿಯಿಂದ ತೆಗೆದೇ ಹಾಕುತ್ತಿದ್ದೆ.