ಒಂದು ಸೆಮಿಸ್ಟರ್‌ಗೆ ವಿದೇಶದ ಡಿಗ್ರಿ ಸಿಗುತ್ತಾ?

"ತುಮಕೂರಲ್ಲೇ ಮೂರು ವರ್ಷದ ಡಿಗ್ರಿ, ಕೊನೇ ಸೆಮಿಸ್ಟರ್ ಇಂಗ್ಲೆಂಡಲ್ಲಿ, ಟ್ವಿನ್ನಿಂಗ್ ಅಂತಾರೆ. ಮಗಳಿಗೆ ಅಲ್ಲಿಯ ಡಿಗ್ರಿ ಸಿಗುತ್ತಾ?"

ಬಹುಶಃ ಸಿಗಲ್ಲ. ಗೊಂದಲಕ್ಕೆ ಕಾರಣ ಟ್ವಿನ್ನಿಂಗ್ ಅನ್ನೋ ಪದವೇ. ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ಮಾಡುವ ಯುಜಿಸಿಯ 2022ರ ನಿಯಮದಲ್ಲಿ ಟ್ವಿನ್ನಿಂಗ್ ಅಂದರೆ ಡಿಗ್ರಿ ಕೊಡುವುದು ಇಲ್ಲಿಯ ಸಂಸ್ಥೆ ಮಾತ್ರ. ಓದಿನ ಪ್ರಮಾಣವನ್ನು ಕ್ರೆಡಿಟ್‌ನಲ್ಲಿ ಅಳೀತಾರೆ, ಅಲ್ಲಿ ಓದಿದ ಕ್ರೆಡಿಟ್ ಒಟ್ಟಿನ ಶೇ. 30 ದಾಟುವಂತಿಲ್ಲ. ಎರಡೂ ಕಡೆಯ ಡಿಗ್ರಿ ಬೇಕಿದ್ದರೆ ಅದು ಡ್ಯುಯಲ್ ಡಿಗ್ರಿ, ಅದಕ್ಕೆ ಎರಡೂ ಸಂಸ್ಥೆಗಳ ಷರತ್ತು ಪೂರೈಸಬೇಕು.

ಮೊದಲು ಸಿಲಬಸ್ ಹಿಡಿದು ಲೆಕ್ಕ ಹಾಕಿ. ಒಟ್ಟು 120 ಕ್ರೆಡಿಟ್ ಇದ್ದರೆ ಶೇ. 30 ಅಂದರೆ 36. ಒಂದು ಸೆಮಿಸ್ಟರ್‌ಗೆ ಸುಮಾರು 20 ಬರುತ್ತೆ, ಟ್ವಿನ್ನಿಂಗ್ ಮಿತಿಯ ಒಳಗೇ ಇದೆ ಅಲ್ವಾ?

ಆಮೇಲೆ ಎರಡು ಸಂಸ್ಥೆಗಳ ಒಪ್ಪಂದದ ಪ್ರತಿ ಕೇಳಿ. ಬಣ್ಣದ ಬ್ರೋಷರ್ ಬೇಡ. ನನ್ನ ತಂಗಿ ಮಗನಿಗೆ ಕೊಟ್ಟ ಬ್ರೋಷರಲ್ಲಿ ಲಂಡನ್ ಸೇತುವೆಯ ಚಿತ್ರ ದೊಡ್ಡದಾಗಿತ್ತು, ಡಿಗ್ರಿ ಯಾರು ಕೊಡ್ತಾರೆ ಅನ್ನೋ ಸಾಲೇ ಇರಲಿಲ್ಲ. ಒಪ್ಪಂದದಲ್ಲಿ ಆ ಸಾಲು ಹುಡುಕಿ. ಅಲ್ಲಿಯ ಸೆಮಿಸ್ಟರ್‌ಗೆ ಫೀಸು ಇಲ್ಲಿಯದೋ, ಪೌಂಡಲ್ಲಿ ಬೇರೆಯೋ ಅಂತಲೂ ನೋಡಿ. ವಿಮಾನ, ಬಾಡಿಗೆ, ವೀಸಾ ಖರ್ಚು ಹೇಗೂ ನಿಮ್ಮದೇ.

ಒಪ್ಪಂದ ತೋರಿಸೋಕೆ ಹಿಂದೇಟು ಹಾಕಿದರೆ ಅಡ್ವಾನ್ಸ್ ಕಟ್ಟಬೇಡಿ.