ಹಾರ್ಡಿ ಕ್ರಾಸ್: ನಡುವಿನ ಪೈಪ್ ನೋಡಿ

ಪ್ರಶ್ನೆ: ಎರಡು ಲೂಪಿನ ನೀರಿನ ಜಾಲಕ್ಕೆ ಹಾರ್ಡಿ ಕ್ರಾಸ್ ವಿಧಾನದಲ್ಲಿ ಪೈಪುಗಳ ಹರಿವಿನ ಲೆಕ್ಕ ಹಾಕಿದೆ. ಹೆಡ್ ಲಾಸ್ ಮೊತ್ತ ಸೊನ್ನೆಗೆ ಬಂತು, ಆದರೂ ಉತ್ತರ ಸಾಫ್ಟ್‌ವೇರ್ ಜೊತೆ ತಾಳೆಯಾಗುತ್ತಿಲ್ಲ. ಮೊದಲ ಅಂದಾಜು ತಪ್ಪಿತೇ?

ಅಂದಾಜಿನ ಮೇಲೆ ತಪ್ಪು ಹೊರಿಸಬೇಡಿ. ಪ್ರತಿ ಜಂಕ್ಷನ್‌ನಲ್ಲೂ ಒಳಹರಿವು, ಹೊರಹರಿವು ಸರಿದೂಗಿದ್ದರೆ ಒರಟು ಅಂದಾಜೂ ನಡೆಯುತ್ತದೆ, ಒಂದೆರಡು ಸುತ್ತು ಹೆಚ್ಚು ಬೇಕಾಗಬಹುದು ಅಷ್ಟೆ. ನನ್ನ ಅನುಮಾನ ಎರಡೂ ಲೂಪಿಗೆ ಸೇರಿದ ಪೈಪಿನ ಮೇಲೆ.

ಸಣ್ಣ ಊರಿನ ಜಾಲವೊಂದನ್ನು ತೆಗೆದುಕೊಳ್ಳಿ. ಮೇಲಿನ ಸಾಲಿನಲ್ಲಿ ಎ, ಬಿ, ಸಿ; ಅವುಗಳ ಕೆಳಗೆ ಡಿ, ಇ, ಎಫ್. ಬಿ-ಇ ನಡುವಿನ ಪೈಪ್. ಎ ಬಳಿ ಸೆಕೆಂಡಿಗೆ 100 ಲೀಟರ್ ಒಳಬರುತ್ತದೆ, ಉಳಿದ ಐದೂ ಕಡೆ 20ರಂತೆ ಖರ್ಚು. ಹೆಡ್ ಲಾಸ್ h = KQ|Q| ಮೀಟರ್; K ಪೈಪಿನ ತಡೆಯ ಗುಣಾಂಕ, Q ಸೆಕೆಂಡಿಗೆ ಲೀಟರಿನಲ್ಲಿ ಹರಿವು. ಬರೀ Q² ಬರೆದರೆ ಚಿಹ್ನೆ ಅಳಿಸಿಹೋಗುತ್ತದೆ. ಗಡಿಯಾರದ ದಿಕ್ಕು ಪ್ಲಸ್.

```
ಲೂಪ್ 1   K      Q     h
ಎ-ಬಿ    0.002  +60  +7.20
ಬಿ-ಇ    0.010  +15  +2.25
ಡಿ-ಇ    0.010  -20  -4.00
ಎ-ಡಿ    0.004  -40  -6.40
ಲೂಪ್ 2
ಬಿ-ಸಿ    0.012  +25  +7.50
ಸಿ-ಎಫ್   0.020   +5  +0.50
ಇ-ಎಫ್   0.020  -15  -4.50
ಬಿ-ಇ    0.010  -15  -2.25

ΔQ = -Σh / (2 Σ|h/Q|)
ΔQ1 = 0.95/1.26 = +0.75
ΔQ2 = -1.25/1.70 = -0.74
```

ಬಿ-ಇ ಮೊದಲ ಲೂಪಿನಲ್ಲಿ ಪ್ಲಸ್, ಎರಡನೆಯದರಲ್ಲಿ ಮೈನಸ್ ಆಗಿದೆ ನೋಡಿ. ನೀರು ಹರಿಯುವುದು ಬಿಯಿಂದ ಇಗೇ; ಬದಲಾಗಿರುವುದು ನಾವು ಲೂಪ್ ಸುತ್ತುವ ದಿಕ್ಕು. ಹಾಗಾಗಿ ತಿದ್ದುವಾಗ ತನ್ನ ಲೂಪಿನ ΔQ ಕೂಡಿಸಿ, ಪಕ್ಕದ ಲೂಪಿನದನ್ನು ಕಳೆಯಬೇಕು: 15 + 0.75 − (−0.74) = 16.49. ಎರಡನ್ನೂ ಕೂಡಿಸಿಬಿಟ್ಟರೆ 15.01 ಬರುತ್ತದೆ, ಪೈಪಿನಲ್ಲಿ ಏನೂ ಬದಲಾಗಿಲ್ಲವೆಂಬಂತೆ ಕಾಣುತ್ತದೆ. ಈಗ ಬಿ ಜಂಕ್ಷನ್ ತಾಳೆ ನೋಡಿ. ಎ-ಬಿಯಿಂದ 60.75 ಬರುತ್ತದೆ, ಖರ್ಚಿಗೆ 20, ಬಿ-ಸಿಗೆ 24.26 ಹೋದರೆ ಉಳಿಯುವುದು 16.49. 15.01 ಎಂದರೆ ಸುಮಾರು ಒಂದೂವರೆ ಲೀಟರ್ ಮಾಯ.

ಕೆಟ್ಟದ್ದೇನೆಂದರೆ, ಈ ತಪ್ಪನ್ನು ಹೆಡ್ ಲಾಸ್ ಹಿಡಿದುಕೊಡುವುದಿಲ್ಲ. ಇದೇ ಜಾಲದಲ್ಲಿ ತಪ್ಪು ಚಿಹ್ನೆಯೊಂದಿಗೇ ಮುಂದುವರಿದರೂ ಎರಡೂ ಲೂಪಿನ ಮೊತ್ತ ಸೊನ್ನೆಯತ್ತಲೇ ಹೋಗುತ್ತದೆ. ಆದರೆ ಬಿ, ಇ ಜಂಕ್ಷನ್‌ಗಳಲ್ಲಿ ಹರಿವು ಸರಿದೂಗುವುದಿಲ್ಲ. ನಿಮ್ಮದೂ ಹೀಗೆಯೇ ಆಗಿರಬೇಕು. ಆದ್ದರಿಂದ ಪ್ರತಿ ಸುತ್ತಿನ ಕೊನೆಗೆ ಜಂಕ್ಷನ್‌ಗಳನ್ನೂ ಕೂಡಿ ನೋಡಿ.

ಸರಿಯಾಗಿ ತಿದ್ದಿದರೆ ಲೂಪ್ 1ರ ಮೊತ್ತ −0.95ರಿಂದ +0.23ಕ್ಕೆ, ಲೂಪ್ 2ರದು +1.25ರಿಂದ −0.25ಕ್ಕೆ ಬರುತ್ತದೆ. ಚಿಹ್ನೆ ತಿರುಗಿತೆಂದು ಗಾಬರಿ ಬೇಡ: ಪ್ರತಿ ಲೂಪನ್ನೂ ಪಕ್ಕದ್ದು ಸ್ಥಿರವೆಂದು ಭಾವಿಸಿ ತಿದ್ದಿದ್ದೇವೆ, ಬಿ-ಇ ಮಾತ್ರ ಎರಡೂ ತಿದ್ದುಪಡಿಗಳನ್ನು ಹೊತ್ತುಕೊಂಡಿತು. ಮುಂದಿನ ಸುತ್ತಿಗೆ ಹೊಸ Q ಹಾಕಿ ಇದೇ ಪಟ್ಟಿ ಮತ್ತೆ ಬರೆಯಿರಿ. ಸಾಫ್ಟ್‌ವೇರ್‌ನಲ್ಲಿ ಹೇಜನ್-ವಿಲಿಯಮ್ಸ್ ಆರಿಸಿದ್ದರೆ ನಿಮ್ಮ ಲೆಕ್ಕದಲ್ಲೂ Qನ ಘಾತ 1.852 ಆಗಬೇಕು, ΔQ ಸೂತ್ರದ ಛೇದದಲ್ಲಿ 2ರ ಜಾಗಕ್ಕೂ ಅದೇ ಬರಬೇಕು, Kಯನ್ನೂ ಆ ಸೂತ್ರದಿಂದಲೇ ತೆಗೆಯಬೇಕು.